ಕೊಟ್ಟು ಕೊಂಡ ನಾಣ್ಯ, ಸುಮ್ಮನಿಟ್ಟ ನಾಣ್ಯ

2025ರ ಜನವರಿ ಮೊದಲ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಎಂಟನೆಯ ತರಗತಿಯಲ್ಲಿ ಲಾಭ-ನಷ್ಟದ ಲೆಕ್ಕಗಳನ್ನು ಎಲ್ಲರಿಗಿಂತ ಮೊದಲು ಮಾಡಿ ಮುಗಿಸಿ, ಸ್ಲೇಟನ್ನು ಎತ್ತಿ ಹಿಡಿಯುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಆ ದಿನವೂ ಅವನು ಸ್ಲೇಟು ಎತ್ತಿ ಹಿಡಿಯುವ ಉತ್ಸಾಹದಲ್ಲೇ ಬಂದಿದ್ದನು. ಸ್ಲೇಟಿನ ಬದಲು ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು, ಅಷ್ಟೇ ವ್ಯತ್ಯಾಸ.

"ಮೇಷ್ಟ್ರೇ, ಹೋದ ವರ್ಷ ನಾನು ಬಿಟ್‌ಕಾಯಿನ್‌ನ್ನೇ ಸೋಲಿಸಿಬಿಟ್ಟೆ" ಎಂದನು.

ಅವನು ಹೇಳಿದ ವಿಷಯವಿಷ್ಟು. 2024ರ ಜನವರಿ 1ರಂದು ಐದು ಲಕ್ಷ ರೂಪಾಯಿಗಳಿಂದ ಕ್ರಿಪ್ಟೊ ನಾಣ್ಯಗಳ ಕೊಡುಕೊಳ್ಳುವಿಕೆ ಆರಂಭಿಸಿದನು. ಡಿಸೆಂಬರ್ 31ರಂದು ಎಲ್ಲವನ್ನೂ ಮಾರಿ ಲೆಕ್ಕ ಹಾಕಿದಾಗ ಹನ್ನೆರಡು ಲಕ್ಷವಾಗಿತ್ತು. ಅಂದರೆ ನೂರಕ್ಕೆ 140ರಷ್ಟು ಹೆಚ್ಚಳ. ಅದೇ ವರ್ಷ ಬಿಟ್‌ಕಾಯಿನ್ ಡಾಲರಿನ ಲೆಕ್ಕದಲ್ಲಿ ಸುಮಾರು 42,000ದಿಂದ 93,000ಕ್ಕೆ, ನಮ್ಮ ರೂಪಾಯಿಯಲ್ಲಿ ಸುಮಾರು 35 ಲಕ್ಷದಿಂದ 80 ಲಕ್ಷಕ್ಕೆ ಏರಿತ್ತು. ಅದು ನೂರಕ್ಕೆ 128ರಷ್ಟು. ಆದ್ದರಿಂದ ತಾನು ಗೆದ್ದೆನೆಂಬುದು ಅವನ ವಾದ. ಅಷ್ಟಕ್ಕೇ ನಿಂತಿದ್ದರೆ ನಾನು ಬೆನ್ನು ತಟ್ಟಿ ಕಾಫಿ ಕುಡಿಸಿ ಕಳುಹಿಸುತ್ತಿದ್ದೆ. ಆದರೆ ಅವನು ಮಾರ್ಚಿಯಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಇದನ್ನೇ ಪೂರ್ಣಾವಧಿಯ ವೃತ್ತಿ ಮಾಡಿಕೊಳ್ಳುವ ಆಲೋಚನೆಯಲ್ಲಿದ್ದನು. ಅವನ ಇಬ್ಬರು ಚಿಕ್ಕಪ್ಪಂದಿರ ಮಕ್ಕಳು ತಮ್ಮ ಉಳಿತಾಯವನ್ನೂ ಇವನ ಕೈಗೆ ಕೊಡಲು ಸಿದ್ಧರಾಗಿದ್ದರು. "ನೀವು ಒಂದು ಸಲ ಲೆಕ್ಕ ನೋಡಿಬಿಡಿ, ಅಮ್ಮನಿಗೆ ಧೈರ್ಯ ಬರುತ್ತದೆ" ಎಂಬುದಕ್ಕಾಗಿ ಬಂದಿದ್ದನು.

ಅವನ ಒಪ್ಪಿಗೆ ಪಡೆದೇ ಈ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರತಿ ವರ್ಷ ಡಿಸೆಂಬರ್ ಮುಗಿಯುತ್ತಲೇ ನಮ್ಮ ಬಂಧುಗಳ ಹುಡುಗರಲ್ಲಿ ಇಂಥ "ವರ್ಷದ ಫಲಿತಾಂಶ"ಗಳು ಓಡಾಡುವುದನ್ನು ಕಂಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಆದರೆ ಅಳತೆ ತಪ್ಪಾಗಿರುತ್ತದೆ. ಬಿಟ್‌ಕಾಯಿನ್ ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನನ್ನ ಹಣ ಇಂದಿಗೂ ಅಂಚೆ ಕಚೇರಿಯಲ್ಲೇ ಇದೆ. ನಾನು ನೋಡಿದ್ದು ಲೆಕ್ಕವನ್ನು ಮಾತ್ರ.

ಮೊದಲು ಕೇಳಿದ ಪ್ರಶ್ನೆ: "ನಡುವೆ ಹಣ ಹಾಕಿದೆಯಾ?" ಸ್ವಲ್ಪ ಹೊತ್ತು ತಡವರಿಸಿ, "ಹೌದು, ನವೆಂಬರ್ 1ಕ್ಕೆ ಎರಡು ಲಕ್ಷ. ದೀಪಾವಳಿಯ ಬೋನಸ್ಸು" ಎಂದನು. ಅಲ್ಲಿಗೆ ನೂರಕ್ಕೆ 140 ಎಂಬುದು ಬಿದ್ದುಹೋಯಿತು. ಜೇಬಿನಿಂದ ಹಾಕಿದ ಹಣವನ್ನು ಲಾಭವೆಂದು ಎಣಿಸುವುದು ಮೋಸವಲ್ಲ, ಮರೆವು. ವಿನಿಮಯ ಕೇಂದ್ರದ ಪರದೆಯ ಮೇಲೆ ಕಾಣುವುದು ಖಾತೆಯ ಒಟ್ಟು ಮೊತ್ತ. ಅದರಲ್ಲಿ ಬೋನಸ್ಸಿನ ಹಣ ಯಾವುದು, ಗಳಿಸಿದ್ದು ಯಾವುದು ಎಂದು ಬಣ್ಣ ಬೇರೆಯಾಗಿರುವುದಿಲ್ಲ. ಅವನು ಹೂಡಿದ್ದು ಏಳು ಲಕ್ಷ, ಗಳಿಸಿದ್ದು ಐದು ಲಕ್ಷ.

ಆದರೂ ಅವನು ಸೋಲೊಪ್ಪಲಿಲ್ಲ. "ಏಳಕ್ಕೆ ಐದು, ನೂರಕ್ಕೆ 71. ಆದರೆ ಆ ಎರಡು ಲಕ್ಷಕ್ಕೆ ಸಿಕ್ಕಿದ್ದು ಎರಡೇ ತಿಂಗಳಲ್ಲವೇ?" ಎಂದನು. ಪ್ರಶ್ನೆ ನ್ಯಾಯವಾದದ್ದೇ. ಶೇಕಡಾವಾರುಗಳನ್ನು ಎದುರುಬದುರು ನಿಲ್ಲಿಸಿದರೆ ಇಂಥ ಜಗಳ ಮುಗಿಯುವುದಿಲ್ಲ. ಆದ್ದರಿಂದ ಶೇಕಡಾವನ್ನೇ ಬಿಟ್ಟುಬಿಡೋಣವೆಂದೆ. ನಮ್ಮ ಅಜ್ಜನ ಕಾಲದಲ್ಲಿ ಗೇಣಿಯನ್ನು ಭತ್ತದಲ್ಲೇ ಅಳೆಯುತ್ತಿದ್ದರು; ಆ ವರ್ಷ ಪೇಟೆಯಲ್ಲಿ ಭತ್ತದ ಬೆಲೆ ಎಷ್ಟಾದರೂ ಇರಲಿ, ಎಷ್ಟು ಕೊಳಗ ಬಂತು ಎಂಬುದೇ ಲೆಕ್ಕ. ಇಲ್ಲಿಯೂ ಹಾಗೆಯೇ ಮಾಡಬಹುದು. ಹಣ ಹಾಕಿದ ಪ್ರತಿಯೊಂದು ದಿನವೂ ಅಷ್ಟು ಹಣಕ್ಕೆ ಎಷ್ಟು ಬಿಟ್‌ಕಾಯಿನ್ ಬರುತ್ತಿತ್ತು ಎಂದು ಬರೆದುಕೊಳ್ಳಬೇಕು. ವರ್ಷದ ಕೊನೆಗೆ ಕೈಯಲ್ಲಿರುವ ಹಣಕ್ಕೆ ಎಷ್ಟು ಬರುತ್ತದೆ ಎಂದು ನೋಡಬೇಕು. ನಾಣ್ಯ ಹೆಚ್ಚಾಗಿದ್ದರೆ ಆಟದಿಂದ ಲಾಭ, ಕಡಿಮೆಯಾಗಿದ್ದರೆ ನಷ್ಟ.

ಜನವರಿ 1ರಂದು 35 ಲಕ್ಷದ ಬೆಲೆಗೆ ಐದು ಲಕ್ಷಕ್ಕೆ 0.1429 ನಾಣ್ಯ. ನವೆಂಬರ್ 1ರಂದು ಬೆಲೆ ಸುಮಾರು 58 ಲಕ್ಷ. ಎರಡು ಲಕ್ಷಕ್ಕೆ 0.0345 ನಾಣ್ಯ. ಎರಡೂ ಸೇರಿ 0.1774. ಸುಮ್ಮನೆ ಕೊಳ್ಳುವವನೂ ಕೇಂದ್ರಕ್ಕೆ ಶುಲ್ಕ ಕೊಡಬೇಕಲ್ಲವೇ, ಅದನ್ನು ಕಳೆದರೆ 0.1766. ಇನ್ನು ಇವನ ಹನ್ನೆರಡು ಲಕ್ಷಕ್ಕೆ ಡಿಸೆಂಬರ್ 31ರ 80 ಲಕ್ಷದ ಬೆಲೆಯಲ್ಲಿ ಬರುವುದು 0.15. ಒಂದು ವರ್ಷ ನಿದ್ದೆಗೆಟ್ಟು ಆಡಿದವನ ಬಳಿ, ಏನೂ ಮಾಡದೆ ಇಟ್ಟುಕೊಂಡವನಿಗಿಂತ ನೂರಕ್ಕೆ 15ರಷ್ಟು ಕಡಿಮೆ ನಾಣ್ಯ ಉಳಿದಿತ್ತು. ರೂಪಾಯಿಯಲ್ಲಿ ಹೇಳುವುದಾದರೆ, ಇಟ್ಟುಕೊಂಡವನದು ಸುಮಾರು 14,13,000, ಇವನದು 12,00,000.

ಹುಡುಗನ ಮುಖ ಸಪ್ಪಗಾಯಿತು. ನನಗೂ ಸಂಕಟವೇ. ಆದರೆ ಲೆಕ್ಕ ಇನ್ನೂ ಮುಗಿದಿರಲಿಲ್ಲ, ತೆರಿಗೆ ಬಾಕಿಯಿತ್ತು. ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಉಳಿದ ವ್ಯಾಪಾರಗಳಂತಿಲ್ಲ. ಇದನ್ನು ತಿಳಿಯದೆ ಬೇರೆ ದೇಶದವರ ಫಲಿತಾಂಶಗಳನ್ನು ಓದಿ ಆಸೆಪಡುವ ಹುಡುಗರೇ ಹೆಚ್ಚು. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2022ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಇಂಥ ನಾಣ್ಯಗಳನ್ನು ಮಾರಿ ಬಂದ ಲಾಭದ ಮೇಲೆ ನೂರಕ್ಕೆ 30ರಷ್ಟು ತೆರಿಗೆ. ಅದರ ಮೇಲೆ ಸೆಸ್ ಸೇರಿ 31 ರೂಪಾಯಿ 20 ಪೈಸೆ. ಇಷ್ಟೇ ಆಗಿದ್ದರೆ ಆಡುವವನಿಗೂ ಇಟ್ಟುಕೊಳ್ಳುವವನಿಗೂ ಒಂದೇ ನ್ಯಾಯವೆನ್ನಬಹುದಿತ್ತು. ಪೆಟ್ಟು ಬೀಳುವುದು ಮುಂದಿನ ಎರಡು ಷರತ್ತುಗಳಲ್ಲಿ. ಒಂದು ವ್ಯವಹಾರದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಹಾಗೆಯೇ ಕೊಂಡ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಆದಾಯ ತೆರಿಗೆಯ ಪತ್ರದಲ್ಲಿ ಒಂದೊಂದು ಮಾರಾಟಕ್ಕೂ ಒಂದೊಂದು ಸಾಲು. ನಷ್ಟವಾದ ಸಾಲಿನಲ್ಲಿ ಸೊನ್ನೆ ಬರೆಯಬೇಕು. ತರಕಾರಿ ಅಂಗಡಿಯವನಿಗೆ, "ಮಾರಾಟವಾದ ಟೊಮೇಟೊ ಲಾಭಕ್ಕೆ ತೆರಿಗೆ ಕೊಡು, ಕೊಳೆತದ್ದು ನಿನ್ನ ಕರ್ಮ" ಎಂದಂತೆ. ಇದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಜೂಜನ್ನು ನಿರುತ್ಸಾಹಗೊಳಿಸುವುದು ಉದ್ದೇಶವಿದ್ದಿರಬಹುದು. ಆದರೆ ನಷ್ಟವನ್ನು ಕಾಣದಂತೆ ಲಾಭವನ್ನು ಮಾತ್ರ ಕಾಣುವ ಲೆಕ್ಕವನ್ನು ನನ್ನ ತರಗತಿಯಲ್ಲಿ ಯಾರಾದರೂ ಮಾಡಿದ್ದರೆ ಅಂಕ ಕೊಡುತ್ತಿರಲಿಲ್ಲ. ಅದಿರಲಿ, ಕಾನೂನು ಇರುವುದು ಹಾಗೆ.

ಹುಡುಗನ ಪಟ್ಟಿಯಲ್ಲಿ ವರ್ಷಕ್ಕೆ 40 ಮಾರಾಟಗಳಿದ್ದವು. ಅವುಗಳಲ್ಲಿ ಲಾಭ ಬಂದವುಗಳ ಮೊತ್ತ 9,50,000. ನಷ್ಟವಾದವುಗಳ ಮೊತ್ತ 3,54,000. ಇವು ಹೆಚ್ಚಾಗಿ ಸಣ್ಣಪುಟ್ಟ ಹೆಸರಿನ ನಾಣ್ಯಗಳಲ್ಲಿ ಆದದ್ದು. ಕೊಳ್ಳುವಾಗಲೂ ಮಾರುವಾಗಲೂ ಕೊಟ್ಟ ಶುಲ್ಕ ನೂರಕ್ಕೆ 40 ಪೈಸೆಗಿಂತ ತುಸು ಹೆಚ್ಚು. ಕೇಳಲು ಇದು ಏನೂ ಅಲ್ಲ; ಆದರೆ ಮಾರಿದ ಮೊತ್ತವೆಲ್ಲ ಕೂಡಿದರೆ ಒಂದು ಕೋಟಿ ಇಪ್ಪತ್ತು ಲಕ್ಷವಾಗಿತ್ತು, ಕೊಂಡದ್ದೂ ಹೆಚ್ಚುಕಡಿಮೆ ಅಷ್ಟೇ. ಐದಾರು ಲಕ್ಷದ ಬಂಡವಾಳವೇ ವರ್ಷವಿಡೀ ಸುತ್ತಿ ಸುತ್ತಿ ಇಷ್ಟಾಗಿತ್ತು. ಶುಲ್ಕದ ಒಟ್ಟು ಮೊತ್ತ 96,000. ಒಂಬತ್ತೂವರೆ ಲಕ್ಷದಲ್ಲಿ ನಷ್ಟವನ್ನೂ ಶುಲ್ಕವನ್ನೂ ಕಳೆದರೆ ಅವನು ಹೇಳಿದ ಐದು ಲಕ್ಷವೇ ಬರುತ್ತದೆ. ಕೂಡುವುದು ಕಳೆಯುವುದರಲ್ಲಿ ಅವನದೇನೂ ತಪ್ಪಿರಲಿಲ್ಲ.

ಆದರೆ ತೆರಿಗೆ ಬೀಳುವುದು ಆ ಐದು ಲಕ್ಷದ ಮೇಲಲ್ಲ, ಒಂಬತ್ತೂವರೆ ಲಕ್ಷದ ಮೇಲೆ: 2,96,400. ಕೈಗೆ ಬಂದ ಐದು ಲಕ್ಷದಲ್ಲಿ ಇದು ನೂರಕ್ಕೆ 59ರಷ್ಟಾಯಿತು. ಮೂವತ್ತು ಎಂದು ತಿಳಿದಿದ್ದವನಿಗೆ ಐವತ್ತೊಂಬತ್ತು! ಹಣಕಾಸು ವರ್ಷ ಏಪ್ರಿಲ್‌ಗೆ ಬದಲಾಗುವುದರಿಂದ ಈ ತೆರಿಗೆ ಎರಡು ವರ್ಷಗಳ ಪತ್ರಗಳಲ್ಲಿ ಹಂಚಿಹೋಗುತ್ತದೆ, ಮೊತ್ತದಲ್ಲಿ ವ್ಯತ್ಯಾಸವಿಲ್ಲ. ತೆರಿಗೆ ಕೊಟ್ಟ ಮೇಲೆ ಅವನ ಹನ್ನೆರಡು ಲಕ್ಷ 9,03,600ಕ್ಕೆ ಇಳಿಯಿತು.

ಆ ಹನ್ನೆರಡು ಲಕ್ಷದಲ್ಲಿಯೂ ಒಂದು ಸೂಕ್ಷ್ಮವಿತ್ತು. 2022ರ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ನೂರಕ್ಕೆ ಒಂದು ರೂಪಾಯಿಯನ್ನು ಟಿಡಿಎಸ್ ಎಂದು ಆಗಲೇ ಹಿಡಿದುಕೊಳ್ಳುತ್ತಾರೆ. ಲಾಭವಾಗಿದೆಯೇ ನಷ್ಟವಾಗಿದೆಯೇ ಎಂದು ನೋಡುವುದಿಲ್ಲ. ಅವನಿಂದ ಹೀಗೆ ಹಿಡಿದದ್ದು 1,20,000. ಅದು ತೆರಿಗೆಗೆ ಜಮೆಯಾಗುವ ಹಣವಾದ್ದರಿಂದ ಅವನು ಅದನ್ನೂ ತನ್ನ ಮೊತ್ತದಲ್ಲಿ ಸೇರಿಸಿದ್ದನು, ಅದು ಸರಿಯೇ. ಆದರೆ ವರ್ಷದ ನಡುವೆ ಆ ಹಣ ಅವನ ಕೈಯಲ್ಲಿರಲಿಲ್ಲ. ಆಡಿದಷ್ಟೂ ಬಂಡವಾಳ ಸವೆಯುತ್ತ ಹೋಗುತ್ತಿತ್ತು. ಡಿಸೆಂಬರ್ ಕೊನೆಯಲ್ಲಿ ಖಾತೆಯಲ್ಲಿ ನಿಜವಾಗಿ ಇದ್ದದ್ದು 10,80,000 ಮಾತ್ರ.

ಈಗ ಇಟ್ಟುಕೊಂಡವನಿಗೂ ಇದೇ ಕಾನೂನನ್ನು ಹಚ್ಚಬೇಕು, ಇಲ್ಲದಿದ್ದರೆ ಅನ್ಯಾಯ. ಅವನೂ ಡಿಸೆಂಬರ್ 31ರಂದು ಎಲ್ಲವನ್ನೂ ಮಾರಿದನೆಂದೇ ಇಟ್ಟುಕೊಳ್ಳೋಣ. ಒಂದೇ ಮಾರಾಟ, ಒಂದೇ ಶುಲ್ಕ. ಕಳೆಯಲಾಗದ ನಷ್ಟವೆಂಬುದೇ ಇಲ್ಲ. ತೆರಿಗೆ ಸುಮಾರು 2,23,000. ಉಳಿಯುವುದು ಸುಮಾರು 11,84,000. ಮಾರದೆ ಇದ್ದರೆ ಆ ವರ್ಷಕ್ಕೆ ತೆರಿಗೆಯೇ ಇಲ್ಲ. ತೆರಿಗೆಗೆ ಮೊದಲು ಎರಡು ಲಕ್ಷದಷ್ಟಿದ್ದ ಅಂತರ ತೆರಿಗೆಯ ನಂತರ 2,80,000 ಆಯಿತು. ಹುಡುಗನು ಅದೇ ನಷ್ಟ, ಅದೇ ಶುಲ್ಕಗಳ ನಡುವೆ ಇವನನ್ನು ಸರಿಗಟ್ಟಬೇಕಿದ್ದರೆ ಗೆದ್ದ ವ್ಯವಹಾರಗಳಲ್ಲಿ ಒಂಬತ್ತೂವರೆಯ ಬದಲು ಹದಿಮೂರೂವರೆ ಲಕ್ಷಕ್ಕೂ ಮಿಕ್ಕಿ ಗಳಿಸಬೇಕಾಗಿತ್ತು.

"ಹಾಗಾದರೆ ನನಗೆ ಬುದ್ಧಿಯೇ ಇಲ್ಲವೆಂದೇ, ಮೇಷ್ಟ್ರೇ?" ಎಂದು ಕೇಳಿದನು. ಹಾಗಲ್ಲ. ಅವನ ಪಟ್ಟಿಯನ್ನು ತಿಂಗಳುವಾರು ನೋಡಿದಾಗ ನನಗೇ ಆಶ್ಚರ್ಯವಾಯಿತು. 2024ರಲ್ಲಿ ಬಿಟ್‌ಕಾಯಿನ್ ಮಾರ್ಚ್ ಮಧ್ಯದಲ್ಲಿ 73,000 ಡಾಲರ್ ದಾಟಿ, ಆಮೇಲೆ ನವೆಂಬರ್ ಆರಂಭದವರೆಗೆ, ಸುಮಾರು ಎಂಟು ತಿಂಗಳು, ಸುಮಾರು ಐವತ್ತು ಸಾವಿರ ಮತ್ತು ಎಪ್ಪತ್ತು ಸಾವಿರಗಳ ನಡುವೆ ತೂಗಾಡುತ್ತಿತ್ತು. ಆ ಎಂಟು ತಿಂಗಳಲ್ಲಿ ಇವನು ನಿಜವಾಗಿಯೂ ಚೆನ್ನಾಗಿ ಆಡಿದ್ದನು. ಇಳಿದಾಗ ಕೊಂಡು ಏರಿದಾಗ ಮಾರಿದ್ದನು. ಆ ಕಾಲದಲ್ಲಿ ಸುಮ್ಮನಿದ್ದವನಿಗೆ ಬಂದದ್ದು ಏನೂ ಇಲ್ಲ, ಇವನಿಗೆ ಬಂದಿತ್ತು.

ಸೋತದ್ದು ಉಳಿದ ದಿನಗಳಲ್ಲಿ. ಆ ವರ್ಷದ ಏರಿಕೆಯ ಬಹುಪಾಲು ಫೆಬ್ರವರಿ ಮತ್ತು ನವೆಂಬರ್ ಎಂಬ ಎರಡು ತಿಂಗಳುಗಳಲ್ಲಿ ಅಡಗಿತ್ತು. ಜನವರಿಯಲ್ಲಿ ಅಮೆರಿಕದ ನಿಯಂತ್ರಕರು ಬಿಟ್‌ಕಾಯಿನ್ ಇಟಿಎಫ್‌ಗಳಿಗೆ ಅನುಮತಿ ಕೊಟ್ಟಿದ್ದರು. ಅದರ ಹಣ ಹರಿದು ಬಂದಂತೆ ಫೆಬ್ರವರಿಯ ಕೊನೆಯ ವಾರವೊಂದರಲ್ಲೇ ಬೆಲೆ 51,000ದಿಂದ 60,000 ದಾಟಿತು. ಇವನು 50,000ದ ಹತ್ತಿರ ಲಾಭ ತೆಗೆದುಕೊಂಡು ರೂಪಾಯಿಯಲ್ಲಿ ಕುಳಿತಿದ್ದನು. ನವೆಂಬರ್ 5ರಂದು ಅಮೆರಿಕದ ಚುನಾವಣೆ, ಮರುದಿನವೇ 75,000. "ಇಷ್ಟು ಏರಿದ್ದು ಇಳಿಯಲೇಬೇಕು" ಎಂದು ಮಾರಿದನು. ಎಂಟು ತಿಂಗಳು ಅವನಿಗೆ ಅನ್ನ ಕೊಟ್ಟಿದ್ದ ಸೂತ್ರವೇ ಅದು. ಇಳಿಯಲಿಲ್ಲ. ಎರಡು ವಾರ ಕಾದು, 90,000 ದಾಟಿದ ಮೇಲೆ ಮತ್ತೆ ಕೊಂಡನು. ತೂಗಾಡುವ ಕಾಲದಲ್ಲಿ ಗೆಲ್ಲಿಸುವ ಅಭ್ಯಾಸವೇ ಏರುವ ಕಾಲದಲ್ಲಿ ಕೆಳಗಿಳಿಸುತ್ತದೆ; ಮತ್ತು ಯಾವ ಕಾಲ ನಡೆಯುತ್ತಿದೆ ಎಂಬುದು ಆಗ ಗೊತ್ತಾಗುವುದಿಲ್ಲ. ಸುಮ್ಮನಿಟ್ಟುಕೊಂಡವನಿಗೆ ಜಾಣತನವೇನೂ ಇರಲಿಲ್ಲ. ಆ ಹತ್ತಿಪ್ಪತ್ತು ದಿನಗಳಲ್ಲಿ ಅವನು ಅಲ್ಲಿ ಇದ್ದನು, ಅಷ್ಟೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ನಾನು ಲೆಕ್ಕದಲ್ಲಿ ನಿಲ್ಲಿಸಿದ ಆ "ಇಟ್ಟುಕೊಂಡವನು" ಕಾಗದದ ಮೇಲಿನ ಮನುಷ್ಯ. ಅವನಿಗೆ ಭಯವಿಲ್ಲ, ಮಗಳ ಮದುವೆಯಿಲ್ಲ, ಪಕ್ಕದ ಮನೆಯವರ ಮಾತಿಲ್ಲ. 2024ರ ಆಗಸ್ಟ್ 5ರಂದು ಬಿಟ್‌ಕಾಯಿನ್ 50,000ಕ್ಕಿಂತ ಕೆಳಗೆ ಬಿದ್ದಿತು; ಒಂದು ವಾರದ ಹಿಂದೆ 70,000ದ ಸಮೀಪವಿತ್ತು. ಅಂದು ಮಾರದೆ ಕುಳಿತ ನಿಜವಾದ ಮನುಷ್ಯರು ಎಷ್ಟು ಜನ? ಅದಕ್ಕಿಂತಲೂ ಕಠಿಣ ಪರೀಕ್ಷೆ 2022. ಆ ವರ್ಷ ನಾಣ್ಯದ ಬೆಲೆ ಸುಮಾರು 46,000ದಿಂದ 16,500ಕ್ಕೆ ಇಳಿಯಿತು. ಐದು ಲಕ್ಷ ಇಟ್ಟವನಿಗೆ ಎರಡು ಲಕ್ಷವೂ ಉಳಿಯಲಿಲ್ಲ. ಆ ವರ್ಷ ಆಡಿ ನೂರಕ್ಕೆ 30 ಕಳೆದುಕೊಂಡವನು ನನ್ನ ನಾಣ್ಯದ ಅಳತೆಯಲ್ಲಿ ಭಾರಿ ವಿಜಯಿ. ಆದರೆ ಮನೆಯ ದಿನಸಿ ಅಂಗಡಿಯವನು ನಾಣ್ಯದ ಅಳತೆಯನ್ನು ಒಪ್ಪುವುದಿಲ್ಲ. ಆದ್ದರಿಂದ ಎರಡೂ ಕಾಲಂಗಳು ಬೇಕು. ಆಟದ ಕೌಶಲವನ್ನು ಅಳೆಯಲು ನಾಣ್ಯದ್ದು, ಬದುಕನ್ನು ಅಳೆಯಲು ರೂಪಾಯಿಯದ್ದು. 2024ರಂಥ ವರ್ಷದಲ್ಲಿ ರೂಪಾಯಿಯ ಕಾಲಂ ಎಲ್ಲರನ್ನೂ ಜಾಣರನ್ನಾಗಿಸುತ್ತದೆ. 2022ರಂಥ ವರ್ಷದಲ್ಲಿ ನಾಣ್ಯದ ಕಾಲಂ ಸೋತವನನ್ನೂ ಹೊಗಳುತ್ತದೆ.

ಕೆಲಸ ಬಿಡುವ ವಿಷಯಕ್ಕೆ ಬರೋಣ. ನನ್ನ ಅಭಿಪ್ರಾಯವನ್ನು ಅವನಿಗೆ ನೇರವಾಗಿಯೇ ಹೇಳಿದೆ. ಕೆಲಸ ಬಿಡಬಾರದೆಂಬುದಕ್ಕೆ ಕಾರಣ ಅವನು ಸೋತದ್ದಲ್ಲ. ತೆರಿಗೆ ಕೊಟ್ಟ ಮೇಲೂ ಏಳು ಲಕ್ಷಕ್ಕೆ ಎರಡು ಲಕ್ಷ ಚಿಲ್ಲರೆ ಲಾಭ ಬಂದಿದೆ. ಬ್ಯಾಂಕಿನ ಠೇವಣಿಯಲ್ಲಿ ಅಷ್ಟು ಬರುತ್ತಿರಲಿಲ್ಲ. ಆದರೆ ನಾಣ್ಯದ ಬೆಲೆಯೇ ಎರಡು ಪಟ್ಟಿಗೂ ಮಿಕ್ಕಿ ಬೆಳೆದ ವರ್ಷದಲ್ಲಿ ಬಂದದ್ದು ಇದು. ಬೆಲೆ ಏರದ ವರ್ಷದಲ್ಲಿ ಅವನ ಆಟ ಏನು ಕೊಡುತ್ತದೆ ಎಂಬುದಕ್ಕೆ ಅವನ ಬಳಿ ಇದ್ದ ಸಾಕ್ಷಿ ಎಂಟು ತಿಂಗಳದು ಮಾತ್ರ. ಅದರ ಮೇಲೆ ತಿಂಗಳ ಬಾಡಿಗೆ, ಮಗುವಿನ ಶಾಲೆಯ ಶುಲ್ಕ ನಿಲ್ಲಬೇಕು. ತಿಂಗಳ ಖರ್ಚಿಗೆ ಬಂಡವಾಳದಿಂದಲೇ ತೆಗೆಯುವವನು ಬೆಲೆ ಬಿದ್ದಾಗಲೂ ಮಾರಲೇಬೇಕಾಗುತ್ತದೆ; ಆಗ ಕೌಶಲಕ್ಕೆ ಆಯ್ಕೆಯೇ ಇರುವುದಿಲ್ಲ. ಚಿಕ್ಕಪ್ಪಂದಿರ ಮಕ್ಕಳ ಹಣದ ಮಾತಂತೂ ಬೇಡವೇ ಬೇಡವೆಂದೆ. ನಷ್ಟವಾದರೆ ಅದು ಎಕ್ಸೆಲ್ ಹಾಳೆಯಲ್ಲಿ ನಿಲ್ಲುವುದಿಲ್ಲ, ಹಬ್ಬದ ಊಟಕ್ಕೆ ಬಂದು ಕೂರುತ್ತದೆ.

ಇನ್ನೊಂದು ಮಾತನ್ನು ಅವನೇ ನೆನಪಿಸಿದನು. 2024ರ ಜುಲೈ 18ರಂದು ಭಾರತದ ದೊಡ್ಡ ವಿನಿಮಯ ಕೇಂದ್ರವೊಂದರಿಂದ ಇಪ್ಪತ್ಮೂರು ಕೋಟಿ ಡಾಲರುಗಳಷ್ಟು ಮೌಲ್ಯದ ನಾಣ್ಯಗಳು ಕಳುವಾದವು. ಗ್ರಾಹಕರು ಹಣ ತೆಗೆಯಲಾಗದೆ ಬಹುಕಾಲ ಕಾದರು. ಇವನ ಖಾತೆ ಬೇರೆಡೆ ಇದ್ದುದರಿಂದ ಉಳಿಯಿತು. ಇಟ್ಟುಕೊಳ್ಳುವವನು ನಾಣ್ಯವನ್ನು ತನ್ನದೇ ವ್ಯಾಲೆಟ್ಟಿಗೆ ಸಾಗಿಸಿ ಕೇಂದ್ರವನ್ನು ಮರೆಯಬಹುದು. ದಿನವೂ ಆಡುವವನು ಬಂಡವಾಳವನ್ನೆಲ್ಲ ಸದಾ ಕೇಂದ್ರದಲ್ಲೇ ಇಟ್ಟಿರಬೇಕು. ಈ ಅಪಾಯಕ್ಕೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ. ಅದು ಸಂಭವಿಸುವ ದಿನದವರೆಗೆ ಅದರ ಬೆಲೆ ಸೊನ್ನೆ.

ಹೊರಡುವ ಮೊದಲು ಅವನಿಂದ ಒಂದು ಕೆಲಸ ಮಾಡಿಸಿದೆ. ಹೊಸ ನೋಟುಬುಕ್ಕಿನ ಮೊದಲ ಪುಟದಲ್ಲಿ ಜನವರಿ 1ರ ಬೆಲೆ, ಕೈಯಲ್ಲಿರುವ ಹಣ, ಅದಕ್ಕೆ ಬರುವ ನಾಣ್ಯ ಇವನ್ನು ಶಾಯಿಯಲ್ಲಿ ಬರೆಸಿದೆ. ಯಾವುದರೊಂದಿಗೆ ಹೋಲಿಸಬೇಕೆಂಬುದನ್ನು ವರ್ಷದ ಕೊನೆಯಲ್ಲಿ ಆರಿಸಿಕೊಂಡರೆ ಯಾವನಾದರೂ ಗೆಲ್ಲುತ್ತಾನೆ. ಹಣ ಹಾಕಿದಾಗ, ತೆಗೆದಾಗ ಆ ದಿನವೇ ಒಂದು ಸಾಲು. ಪ್ರತಿ ಮಾರಾಟದ ಪಕ್ಕದಲ್ಲಿ ಲಾಭವಾದರೆ ಅದರ ಶೇಕಡಾ 31.2ನ್ನು ಆಗಲೇ ಬೇರೆ ತೆಗೆದಿಟ್ಟಂತೆ ಬರೆಯುವುದು, ನಷ್ಟವಾದರೆ ಸೊನ್ನೆ.

ಅವನು ಕೆಲಸ ಬಿಡಲಿಲ್ಲ. 2025ರಲ್ಲಿ ಬಿಟ್‌ಕಾಯಿನ್ ಅಕ್ಟೋಬರ್ ಆರಂಭದಲ್ಲಿ 1,26,000 ಡಾಲರ್ ಮುಟ್ಟಿ, ವರ್ಷದ ಕೊನೆಗೆ 87,000ದ ಆಸುಪಾಸಿಗೆ ಮರಳಿತು. ಆರಂಭಕ್ಕಿಂತಲೂ ಕೆಳಗೆ. ಸುಮ್ಮನಿಟ್ಟುಕೊಂಡವನಿಗೆ ಆ ವರ್ಷ ಏನೂ ಸಿಗಲಿಲ್ಲ. ಇವನು ಸಂಬಳದಲ್ಲಿ ಉಳಿದ ಹಣದಿಂದ ಸ್ವಲ್ಪ ಕೊಂಡು, ವರ್ಷಪೂರ್ತಿ ನಾಲ್ಕೇ ಮಾರಾಟ ಮಾಡಿದ್ದನು. ಡಿಸೆಂಬರ್ ಕೊನೆಯ ಭಾನುವಾರ ಫೋನು ಮಾಡಿ, "ಮೇಷ್ಟ್ರೇ, ಈ ಸಲ ನಾಣ್ಯದ ಕಾಲಂನಲ್ಲಿ ಸ್ವಲ್ಪ ಮುಂದಿದ್ದೇನೆ, ರೂಪಾಯಿಯದರಲ್ಲಿ ಸ್ವಲ್ಪ ಹಿಂದಿದ್ದೇನೆ. ಯಾವುದನ್ನು ಅಮ್ಮನಿಗೆ ಹೇಳಲಿ?" ಎಂದು ಕೇಳಿದನು. ಎರಡನ್ನೂ ಹೇಳು, ಮೊದಲು ರೂಪಾಯಿಯದನ್ನು ಹೇಳು ಎಂದೆ.